ಕ್ಯಾರಿಬ್ಯಾಗಿಗೊಂದು ಒಡಪು

ನಮ್ಮ ಅತ್ತೆಗೆ ಸೀದಾ ಮಾತಾಡಲು ಬರುವುದಿಲ್ಲ! ಬಾಯಿ ಬಿಟ್ಟರೆ ಪ್ರಾಸ. ಅತ್ತೆ ಅಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಅಷ್ಟರಮಟ್ಟಿಗೆ ನಾನು ಪುಣ್ಯವಂತೆ.

ನಮ್ಮ ಕಡೆ ಮದುವೆ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಒಡಪು ಹೇಳಿಸುತ್ತಾರೆ. ಎರಡು ಸಾಲಿನ ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಬೇಕು. ಹೇಳುವ ತನಕ ಬಾಗಿಲಿನ ಹೊಸ್ತಿಲು ದಾಟಲು ಬಿಡುವುದಿಲ್ಲ. ಬೇರೆಯವರು ನಾಚಿ ಸೆರಗು ಕಚ್ಚುತ್ತಿದ್ದರೆ, ನಮ್ಮತ್ತೆ ಹೊಸ್ತಿಲಲ್ಲೇ ಬೀಡುಬಿಟ್ಟು, ಒಂದು ಕೇಳಿದರೆ ಐದು ಹೇಳುತ್ತಿದ್ದಳು. ಒಳಗೆ ಊಟದ ಎಲೆ ಹಾಕಿದವರು ಪಲ್ಯ ಆರುವುದನ್ನು ನೋಡುತ್ತಾ ಕೂತಿರಬೇಕು!

ಒಮ್ಮೆ ಬ್ಯಾಂಕಿನಲ್ಲಿ ಗುಮಾಸ್ತರು ಪಾಪ, ಗಂಡನ ಹೆಸರು ಕೇಳಿದರು.

"ಸಂಡೂರ ಗುಡ್ಡದ ಮಣ್ಣು ಕೆಂಪು, ಹುಲುಗಪ್ಪನವರ ಮಾತು ಎಳನೀರ ತಂಪು!" ಎಂದಳು ಅತ್ತೆ.

ಗುಮಾಸ್ತರು ಪೆನ್ನು ಎತ್ತಿಕೊಂಡು, "ಇದರಾಗ ಹೆಸರು ಯಾವುದು, ಊರು ಯಾವುದು ಹೇಳ್ರಿ ಅಮ್ಮಾ" ಅಂದರು. ಹಿಂದಿನ ಸಾಲಿನವರು ಮಾತ್ರ ಇನ್ನೊಂದು ಆಗಲಿ ಅಂದರು. ಇನ್ನೊಂದೂ ಆಯಿತು. ಗುಮಾಸ್ತರ ಊಟದ ಹೊತ್ತೂ ಆಯಿತು.

ಆ ಹುಲುಗಪ್ಪ ನಮ್ಮ ಮಾವ. ಸಂಡೂರಿನಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದವರು. ಅತ್ತೆ ಎಷ್ಟು ಮಾತಾಡುತ್ತಿದ್ದಳೋ ಅವರು ಅಷ್ಟು ಸುಮ್ಮನಿರುತ್ತಿದ್ದರು. ಮನೆಯಲ್ಲಿ ಯಾರಾದರೂ ಒಬ್ಬರು ಕೇಳಬೇಕಲ್ಲ! ಕೆಲವು ವರ್ಷಗಳ ಹಿಂದೆ ಅವರು ತೀರಿಕೊಂಡರು. ಆಮೇಲೆ ಯಾವ ಹೊಸ್ತಿಲಲ್ಲೂ ಅತ್ತೆಯನ್ನು ಯಾರೂ ತಡೆಯಲಿಲ್ಲ. ಗಂಡನಿಲ್ಲದವಳಿಗೆ ಒಡಪು ಹೇಳು ಅನ್ನುವ ವಾಡಿಕೆ ನಮ್ಮಲ್ಲಿಲ್ಲ. ಎಲ್ಲರೂ ದಾರಿ ಬಿಟ್ಟು ನಿಲ್ಲುತ್ತಾರೆ. ಇವಳು ತಲೆ ತಗ್ಗಿಸಿ ಒಳಗೆ ಹೋಗಿ ಮೊದಲ ಪಂಕ್ತಿಯಲ್ಲೇ ಉಂಡು ಬರುತ್ತಾಳೆ. ಬಿಸಿ ಪಲ್ಯ ಸಿಕ್ಕರೂ ಅವಳಿಗದು ರುಚಿಸದು.

ನಾನು ಹೊಸಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನದ ಟೀಚರು. ಇಕೋ ಕ್ಲಬ್ಬಿನ ಹೊಣೆಯೂ ನನ್ನದೇ. ಮಕ್ಕಳನ್ನು ಕರೆದುಕೊಂಡು ಕಾಯಿಪಲ್ಯೆ ಮಾರುಕಟ್ಟೆಯಲ್ಲಿ ಪ್ಲಾಸ್ಟಿಕ್ ಕ್ಯಾರಿಬ್ಯಾಗಿನ ವಿರುದ್ಧ ಪದ್ಯ ಹೇಳಿಸಬೇಕೆಂದು ತೀರ್ಮಾನವಾಯಿತು. ನಾನು ಬರೆದ ಪದ್ಯವನ್ನು ಮಕ್ಕಳಿಗೆ ಓದಿ ಹೇಳಿದೆ. 'ಪರಿಸರ ಸಂರಕ್ಷಣೆ ನಮ್ಮೆಲ್ಲರ ಕರ್ತವ್ಯ' ಅನ್ನುವಷ್ಟರಲ್ಲಿ ಕೊನೆಯ ಬೆಂಚು ಮಲಗಿತ್ತು. ಇನ್ನು ಮೆಣಸಿನಕಾಯಿ ಮಾರುವವರು ಎಚ್ಚರವಿರುತ್ತಾರೆಯೇ? ಮಲಪನಗುಡಿಯಲ್ಲಿದ್ದ ಅತ್ತೆಗೆ ಫೋನು ಹಚ್ಚಿದೆ.

ಅವಳು ಮರುದಿನವೇ ಬಂದಳು, ಹೆಗಲಿಗೆ ತನ್ನ ಖಾಕಿ ಚೀಲ ಹಾಕಿಕೊಂಡು. ಅದು ಮಾವನ ಹಳೇ ಅಂಗಿಯಿಂದ ಹೊಲಿದದ್ದು. ಚೀಲದ ಹೊಟ್ಟೆಯ ಮೇಲೆ ಅಂಗಿಯ ಜೇಬು ಗುಂಡಿ ಸಮೇತ ಹಾಗೇ ಇದೆ, ಅದರಲ್ಲಿ ಎಲೆ-ಅಡಿಕೆ.

ನಾನು ನಿಯಮ ಹೇಳಿದೆ. ಪದ್ಯ ಎರಡೇ ಸಾಲಿರಬೇಕು, ಸಂತೆಯಲ್ಲಿ ನಡೆಯುವವರು ಮೂರನೆಯದಕ್ಕೆ ನಿಲ್ಲುವುದಿಲ್ಲ. ಒಬ್ಬಳು ಸಾಲು ಎತ್ತಬೇಕು, ಉಳಿದವರು ಅದನ್ನೇ ಹೇಳಬೇಕು, ಕೊನೆಯ ಪ್ರಾಸದ ಮೇಲೆ ಚಪ್ಪಾಳೆ ಬೀಳಬೇಕು. ಮಾರುವವರನ್ನು ಬೈಯಬಾರದು, ಕವರು ಕೊಡದಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಅವರಾದರೂ ಏನು ಮಾಡಿಯಾರು?

"ಮದುವ್ಯಾಗ ಕೊಟ್ಟ ಈ ಚೀಲ ನಡೀತದೇನು?" ಎಂದು ಅತ್ತೆ ಒಂದು ಬಣ್ಣದ ಕೈಚೀಲ ತೆಗೆದಳು. ನೋಡಲು ಬಟ್ಟೆಯೇ. ನಾನು ಅಂಚು ಹರಿದು ತೋರಿಸಿದೆ: ಒಂದು ನೂಲಿನ ಎಳೆಯೂ ಬರಲಿಲ್ಲ. ಚೂರನ್ನು ದೀಪಕ್ಕೆ ಹಿಡಿದರೆ ಮುದುಡಿ ಕರಗಿತು.

"ಅಯ್ಯ, ಇದೂ ಪ್ಲಾಸ್ಟಿಕ್ಕೇನs! ಮಂದಿಯೊಳಗೂ ಹಿಂಗ ಇರ್ತಾರ ಬಿಡು" ಅಂದವಳು ಅಲ್ಲಿಂದಲೇ ಶುರುಮಾಡಿದಳು:

"ಆಕಳ ಹೊಟ್ಟ್ಯಾಗ ಕ್ಯಾರಿಬ್ಯಾಗಿನ ಗಂಟು,
ಹುಲುಗಪ್ಪನವರಿಗೂ ನನಗೂ ಏಳೇಳು ಜನ್ಮದ ನಂಟು!

ಕಾಲುವಿಗೆ ಬಿದ್ದ ಕವರು ಕರಗಂಗಿಲ್ಲ, ಕೊಳಿಯಂಗಿಲ್ಲ,
ಹುಲುಗಪ್ಪನವರಂಥ ಗಂಡ ಹುಡುಕಿದ್ರ ಸಿಗಂಗಿಲ್ಲ!"

ನಾನು ತಲೆ ಹಿಡಿದುಕೊಂಡೆ. ಎಂಟನೇ ಕ್ಲಾಸಿನ ಹುಡುಗಿಯರು ಹುಲುಗಪ್ಪನವರಂಥ ಗಂಡ ಸಿಗುವುದಿಲ್ಲ ಎಂದು ಮಾರುಕಟ್ಟೆಯಲ್ಲಿ ಕೂಗಿದರೆ ಹೆಡ್‌ಮಾಸ್ತರರು ನನ್ನನ್ನು ಉಳಿಸುತ್ತಾರೆಯೇ?

"ಅತ್ತೀ, ಮಾವನ ಹೆಸರು ತಗೀಬೇಕಲ್ಲ..."

ಅವಳು ಖಾಕಿ ಚೀಲದ ಗುಂಡಿ ತಿರುವಿದಳು. "ತಗಿ. ಹೆಂಗೂ ಈಗ ಯಾರು ಕೇಳ್ತಾರ?" ಅಂದಳು. ನನಗೆ ಸಂಕಟವಾಯಿತು. ಆದರೂ ಮಾವ ಇದ್ದ ಜಾಗದಲ್ಲೆಲ್ಲ ಬಟ್ಟೆ ಚೀಲ ಕೂರಿಸಿದೆ.

ಭಾನುವಾರ ಬೆಳಿಗ್ಗೆ ಹಸಿರು ಟೋಪಿ ಹಾಕಿದ ನಮ್ಮ ಪಡೆ ಮಾರುಕಟ್ಟೆಯಲ್ಲಿ ನಿಂತಿತು. ಮುಂದಾಳು ಹುಡುಗಿ ಸಾಲೆತ್ತಿದಳು: "ಆಕಳ ಹೊಟ್ಟ್ಯಾಗ ಕ್ಯಾರಿಬ್ಯಾಗಿನ ಗಂಟು..."

ಟೊಮೆಟೊ ಮಾರುವಾಕೆ ತಕ್ಕಡಿ ಕೆಳಗಿಟ್ಟಳು. ಸೊಪ್ಪಿನವಳು ಕತ್ತು ಚಾಚಿದಳು. ಒಡಪಿನ ಧಾಟಿ ಗುರುತು ಸಿಗದ ಹೆಣ್ಣುಮಗಳು ನಮ್ಮ ಕಡೆ ಹುಟ್ಟಿಲ್ಲ!

"ಬಟ್ಟಿ ಚೀಲಕ್ಕೂ ನಮಗೂ ಏಳೇಳು ಜನ್ಮದ ನಂಟು!"

ಚಪ್ಪಾಳೆ ಬಿತ್ತು, ಮಕ್ಕಳದು ಮಾತ್ರ.

"ಹೆಸರೆಲ್ಲೈತ್ರೀ?" ಎಂದಳು ಟೊಮೆಟೊದವಳು. "ಉಪ್ಪಿಲ್ಲದ ಸಾರಿನಂಗಾತಲ್ಲ! ಒಡಪು ಅಂದಮ್ಯಾಲ ಹೆಸರು ಬ್ಯಾಡೇನು?"

"ಹೆಸರು ಹೇಳ್ರಿ! ಹೆಸರು ಹೇಳ್ರಿ!" ಎಂದು ಸಾಲುಸಾಲೇ ಕೂಗತೊಡಗಿತು. ಮುಂದಾಳು ಹುಡುಗಿಯ ಮುಖ ಟೊಮೆಟೊಗಿಂತ ಕೆಂಪಾಯಿತು. ಗಿರಾಕಿಗಳು ನಗುತ್ತಾ, ಕ್ಯಾರಿಬ್ಯಾಗಿನಲ್ಲೇ ಬದನೆಕಾಯಿ ತುಂಬಿಸಿಕೊಂಡು ಮುಂದೆ ಹೋದರು. ನಮ್ಮ ಕಾರ್ಯಕ್ರಮ ಎಕ್ಕುಟ್ಟಿ ಹೋಯಿತು!

"ಈ ಒಡಪು ಕಟ್ಟಿದಾಕಿ ಯಾರು?" ಹಸಿಮೆಣಸಿನಕಾಯಿ ಮಾರುವ ಅಜ್ಜಿ ಕೇಳಿದಳು. ಮಕ್ಕಳು ಹಿಂದೆ ನಿಂತಿದ್ದ ಅತ್ತೆಯನ್ನು ತೋರಿಸಿಬಿಟ್ಟರು.

ಅತ್ತೆ ಹಿಂದೆ ಸರಿದಳು. "ನಂದು ಮುಗೀತ್ರಿ. ನಾ ಹೇಳಬಾರದು."

ಅಜ್ಜಿ ಅತ್ತೆಯ ಬರಿಹಣೆ ನೋಡಿದಳು. ಆಕೆಯದೂ ಬರಿಹಣೆಯೇ.

"ಯಾಕ ಹೇಳಬಾರದು? ಅವರು ಹೋಗ್ಯಾರ, ಹೆಸರು ಹೋಗೇತೇನು? ಹೇಳ್ ತಂಗಿ, ನಾ ಕೇಳಾಕತ್ತೀನಿ."

ಅತ್ತೆ ನನ್ನನ್ನು ನೋಡಿದಳು. ಹೆಡ್‌ಮಾಸ್ತರರು ಏನಾದರೂ ಅಂದುಕೊಳ್ಳಲಿ, ನಾನು ತಲೆಯಾಡಿಸಿದೆ. ಅವಳು ಸೆರಗು ಸರಿಮಾಡಿಕೊಂಡು ದನಿ ಎತ್ತಿದಳು:

"ಬದನಿಕಾಯಿ ಬುಟ್ಟ್ಯಾಗ, ಟೊಮೆಟೊ ಚೀಲದಾಗ,
ಹುಲುಗಪ್ಪನವರ ಹೆಸರು ನನ್ನ ನಾಲಿಗಿ ತುದಿಯಾಗ!"

ಮಾರುಕಟ್ಟೆ ಹೋ ಎಂದಿತು! ಈಗ ಎಲ್ಲರಿಗೂ ತಮ್ಮ ತಮ್ಮ ಗಂಡನ ಹೆಸರು ಹೇಳುವ ಉಮೇದು. ಅತ್ತೆ ಬಿಡಬೇಕಲ್ಲ? "ಹೇಳಾಕ ಬರೋರು ಮೊದಲು ಕ್ಯಾರಿಬ್ಯಾಗಿನ ಕಟ್ಟು ಈ ಗೋಣಿಚೀಲಕ್ಕ ಹಾಕ್ರಿ!" ಎಂದು ಹೊಸ್ತಿಲು ಕಾಯುವವಳ ಹಾಗೆ ಅಡ್ಡ ನಿಂತಳು. ಕೆಲವರು ಪೂರಾ ಕಟ್ಟು ಹಾಕಿದರು, ಕೆಲವರು ಅರ್ಧ ಬಚ್ಚಿಟ್ಟುಕೊಂಡು ಹಾಕಿದರು. ಟೊಮೆಟೊದವಳು, "ಇವತ್ತೊಂದಿನ ಮಾತ್ರ ನೋಡ್ರಿ" ಎಂದು ಷರತ್ತು ಹಾಕಿ, ತನ್ನ ಗಂಡನ ಹೆಸರು ಮೂರು ಸಲ ಹೇಳಿದಳು. ಬರಿಗೈಲಿ ಬಂದ ಗಿರಾಕಿಗಳು ಸೆರಗಿನಲ್ಲಿ, ಟವೆಲಿನಲ್ಲಿ ಕಾಯಿಪಲ್ಯೆ ಕಟ್ಟಿಕೊಂಡು ಹೋದರು. ಮಕ್ಕಳ ಚಪ್ಪಾಳೆ ಮಾತ್ರ ಒಂದೂ ತಪ್ಪಲಿಲ್ಲ.

ವಾಪಸು ಬರುವಾಗ ಆಟೊದಲ್ಲಿ ಅತ್ತೆಯದು ಪ್ರಾಸವಿಲ್ಲ, ಮಾತಿಲ್ಲ. ನನಗೆ ಗಾಬರಿಯಾಯಿತು. "ದಣಿವಾತೇನು ಅತ್ತೀ?" ಅಂದೆ.

ಅವಳು ತೊಡೆಯ ಮೇಲಿದ್ದ ಖಾಕಿ ಚೀಲದ ಜೇಬನ್ನು ಅಂಗೈಯಿಂದ ಸವರಿದಳು.

"ಇದ್ದಾಗ ಹೆಸರು ಹಿಡಿದು ಕರಿಯಂಗಿರಲಿಲ್ಲ, ಒಡಪಿನಾಗಷ್ಟ ಕರೀತಿದ್ದೆ. ಹೋದಮ್ಯಾಲ ಒಡಪೂ ಇಲ್ಲ" ಎಂದಳು. "ಭಾಳ ದಿನ ಆಗಿತ್ತs ಹುಡುಗಿ, ಅವರನ್ನ ಕರದು."