ಪದ್ಮಳ ಸೂರ್ಯ ರೇಖೆ, ನನ್ನ ಬುಧ ರೇಖೆ

ನನ್ನ ಬಾಯಿ ಸರಿ ಇಲ್ಲ. ಇದು ನನ್ನ ಮಾತಲ್ಲ, ನಮ್ಮ ಲೈನಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೆಲವರು ದಿನವಿಡೀ ಬಾಯಿ ಬಿಡದೆ ಕೂತಿದ್ದರೆ ‘ಎಷ್ಟು ಗಂಭೀರ’ ಎನ್ನಿಸಿಕೊಳ್ಳುತ್ತಾರೆ. ಇನ್ನು ಕೆಲವರು ಎಲ್ಲರಿಗೂ ಬೇಕಾದ ಮಾತನ್ನೇ ಆಡಿ ‘ಮುದುಕಿಗೆ ಸುಮ್ಮನಿರಲು ಬರುವುದಿಲ್ಲ’ ಎನ್ನಿಸಿಕೊಳ್ಳುತ್ತಾರೆ. ನಾನು ಎರಡನೆಯವರ ಪೈಕಿ. ಒಮ್ಮೆ ಕಾಫಿ ಒಣಗಿಸುವ ಕಣದ ಪಕ್ಕದ ಸೌದೆಗೆ ಬೆಂಕಿ ಹತ್ತಿದಾಗ ಮೊದಲು ನೋಡಿದ್ದು ನಾನು, ಕೂಗಿದ್ದು ನಾನು, ಮೊದಲ ಕೊಡ ನೀರು ಸುರಿದದ್ದೂ ನಾನು. ತೋಟದ ಸಾಹುಕಾರರು ಶಾಲು ಹೊದೆಸಿದ್ದು ವಾಚ್‌ಮನ್‌ಗೆ. ಅವನು ಆಗ ನಿದ್ದೆಯಲ್ಲಿದ್ದ, ನನ್ನ ಕೂಗಿಗೇ ಎದ್ದವನು. ಇದೆಲ್ಲ ಜನರ ಬುದ್ಧಿ ಎಂದುಕೊಂಡಿದ್ದೆ. ನನ್ನ ಅಂಗೈಯ ಬುದ್ಧಿ ಎಂದು ತಿಳಿದದ್ದು ಈ ವರ್ಷ.

ನಾವಿರುವುದು ಕಳಸದಿಂದ ಸಂಸೆಗೆ ಹೋಗುವ ದಾರಿಯಲ್ಲಿ ಒಂದು ಕಾಫಿ ತೋಟದಲ್ಲಿ. ಲೈನ್ ಎಂದರೆ ಕೆಲಸದವರಿಗೆ ಸಾಲಾಗಿ ಕಟ್ಟಿದ ಮನೆಗಳು. ಹಣ್ಣು ಕೊಯ್ಯುವ ಕೆಲಸ ಮುಗಿಯುವ ಹೊತ್ತಿಗೆ ಮೂಡಿಗೆರೆ ಕಡೆಯ ಬಳೆಗಾರ್ತಿ ಚೆನ್ನಮ್ಮ ಬರುತ್ತಾಳೆ. ಕೈಯಲ್ಲಿ ದುಡ್ಡು ಓಡಾಡುವ ಕಾಲ ಅವಳಿಗೆ ಗೊತ್ತು. ಬಳೆ ಇಡುವಾಗ ಹೇಗೂ ಕೈ ಹಿಡಿದು ಅಮುಕಬೇಕಲ್ಲ, ಹಾಗೆ ಅಮುಕುತ್ತ ಅಂಗೈ ತಿರುಗಿಸಿ ಭವಿಷ್ಯವನ್ನೂ ಹೇಳುತ್ತಾಳೆ. ಅದಕ್ಕೆ ಬೇರೆ ಕಾಸಿಲ್ಲ, ಆದರೆ ಭವಿಷ್ಯ ಒಳ್ಳೆಯದಿದ್ದರೆ ಹೆಂಗಸರು ಇನ್ನೊಂದು ಡಜನ್ ಬಳೆ ತೊಡುತ್ತಾರೆ. ನಾನು ಗಂಡ ಹೋದ ಮೇಲೆ ಬಳೆ ತೊಡುವವಳಲ್ಲ, ಆದ್ದರಿಂದ ನನ್ನ ಕೈ ಯಾರೂ ಹಿಡಿದಿರಲಿಲ್ಲ. ಸುಮ್ಮನೆ ಎಲೆಯಡಿಕೆ ಹಾಕಿಕೊಂಡು ನೋಡುತ್ತಿದ್ದೆ.

ಮೊದಲು ಕೂತವಳು ಪಕ್ಕದ ಮನೆಯ ಪದ್ಮ. ಒಳ್ಳೆಯ ಹೆಂಗಸು. ಅವಳ ಜೊತೆ ಒಂದು ಸಾಲು ಕಾಫಿ ಕೊಯ್ದು ಮುಗಿಸಿದರೂ ಅವಳಿಂದ ಬರುವುದು ‘ಹೂಂ’ ಒಂದೇ. ಚೆನ್ನಮ್ಮ ಅವಳ ಎಡಗೈ ಬಿಡಿಸಿ ನೋಡಿದಳು. ಹೆಂಗಸರಿಗೆ ಎಡಗೈ, ಗಂಡಸರಿಗೆ ಬಲಗೈ ಎನ್ನುವುದು ಅವಳ ಪದ್ಧತಿ. ದುಡಿಯುವ ಕೈಯನ್ನೇ ನೋಡಬೇಕು ಎನ್ನುವವರೂ ಇದ್ದಾರಂತೆ.

“ಕೈ ತೊಳ್ದು, ಬೆಳಗಿನ ಹೊತ್ತು ನೋಡ್ಬೇಕು ಕಣಮ್ಮ,” ಎಂದಳು. “ಆದ್ರೆ ನಿಮ್ ಕೈ ಈ ಕಾಲದಲ್ಲಿ ಸೋಪಲ್ಲಿ ತಿಕ್ಕಿದ್ರೂ ಬಿಳಿ ಆಗಲ್ಲ. ಇರ್ಲಿ, ಕರೀ ಕೈಲಿ ಗೆರೆ ಚೆಂದಾಗಿ ಕಾಣ್ತವೆ.”

ಅದು ನಿಜ. ಕಾಫಿ ಹಣ್ಣಿನ ಅಂಟು ಒಣಗಿದರೆ ಕೈ ಕಪ್ಪಾಗುತ್ತದೆ. ಚಳಿಗೆ ಒಡೆದ ಚರ್ಮದೊಳಗೂ ಸೇರಿಕೊಂಡು ಮಳೆಗಾಲ ಹತ್ತಿರ ಬರುವವರೆಗೆ ಕೂತಿರುತ್ತದೆ. ಚೆನ್ನಮ್ಮ ಪದ್ಮಳ ಉಂಗುರದ ಬೆರಳಿನ ಬುಡಕ್ಕೆ ಉಗುರು ಇಟ್ಟಳು. ಅಲ್ಲಿರುವ ಉಬ್ಬು ಸೂರ್ಯ ಪರ್ವತವಂತೆ. ದಿನಾ ಕಣ್ಣೆದುರಿಗೆ ಕುದುರೆಮುಖದ ಬೆಟ್ಟ ನೋಡುವವರಿಗೆ ಅದನ್ನು ಪರ್ವತ ಎನ್ನಲು ಸ್ವಲ್ಪ ಕಷ್ಟ. ಆ ಬೆರಳಿನ ಕಡೆಗೆ ನೆಟ್ಟಗೆ ಮೇಲೇರುವ ಗೆರೆ ಸೂರ್ಯ ರೇಖೆ. ಅದು ಇದ್ದರೆ ಮಾಡಿದ ಕೆಲಸಕ್ಕೆ ಹೆಸರು ಬರುತ್ತದೆ, ನಾಲ್ಕು ಜನ ಗುರುತಿಸುತ್ತಾರೆ. ಎಲ್ಲಿಂದ ಹೊರಟಿದೆ ಎನ್ನುವುದೂ ಮುಖ್ಯ. ಮಣಿಕಟ್ಟಿನ ಹತ್ತಿರದಿಂದ ಹೊರಟರೆ ಚಿಕ್ಕ ವಯಸ್ಸಿನಲ್ಲೇ ಹೆಸರು. ಕಿರುಬೆರಳಿನ ಕಡೆಯ ಅಂಗೈ ಬುಡ ಚಂದ್ರನ ಜಾಗ, ಅಲ್ಲಿಂದ ಹೊರಟರೆ ಬೇರೆಯವರ ಮೆಚ್ಚುಗೆಯಿಂದ ಮೇಲೆ ಬರುವುದು. ನಡುವಿನ ಬುದ್ಧಿ ರೇಖೆಯಿಂದಾದರೆ ಸ್ವಂತ ತಲೆ ಓಡಿಸಿ ನಡುವಯಸ್ಸಿನಲ್ಲಿ. ಬೆರಳುಗಳ ಕೆಳಗೆ ಅಡ್ಡಕ್ಕೆ ಹೋಗುವ ಹೃದಯ ರೇಖೆಯಿಂದ ಹೊರಟರೆ ಕೂದಲು ಬೆಳ್ಳಗಾಗುವ ಕಾಲಕ್ಕೆ. ಗೆರೆ ನಡುವೆ ತುಂಡಾಗಿದ್ದರೆ ಬಂದ ಹೆಸರು ಸ್ವಲ್ಪ ಕಾಲ ಮಂಕಾಗುತ್ತದೆ, ದ್ವೀಪದ ಹಾಗೆ ಸಣ್ಣ ಕಣ್ಣು ಬಿದ್ದಿದ್ದರೆ ಅಪವಾದ. ಪದ್ಮಳ ಗೆರೆ ಹೃದಯ ರೇಖೆಯಿಂದ ಎದ್ದು ಕಪ್ಪಗೆ, ನೆಟ್ಟಗೆ, ಮಸಿಯಲ್ಲಿ ಎಳೆದ ಹಾಗೆ ಇತ್ತು.

“ಇನ್ಮೇಲೆ ನಿಂದೇ ಹೆಸ್ರು,” ಎಂದಳು ಚೆನ್ನಮ್ಮ. ಪದ್ಮ ‘ಹೂಂ’ ಎಂದಳು. “ಬುಧ ರೇಖೆ ಮಾತ್ರ ಇಲ್ಲ ನೋಡು. ಅದಕ್ಕೇ ಮಾತಿಲ್ಲ.”

“ಇಲ್ದಿದ್ರೆ ಕೆಟ್ಟದ್ದಾ?” ಎಂದು ಕೇಳಿದ್ದು ನಾನು. ಪದ್ಮ ಎಲ್ಲಿ ಕೇಳುತ್ತಾಳೆ.

ಕೆಟ್ಟದ್ದಲ್ಲವಂತೆ. ಬುಧ ರೇಖೆ ಅಂಗೈಯ ಬುಡದಿಂದ ಓರೆಯಾಗಿ ಹತ್ತಿ ಕಿರುಬೆರಳಿನ ಕೆಳಗಿನ ಬುಧ ಪರ್ವತಕ್ಕೆ ಹೋಗುತ್ತದೆ. ಮಾತು, ವ್ಯಾಪಾರ, ಒಬ್ಬರ ಮನಸ್ಸಿನಲ್ಲಿರುವುದನ್ನು ಇನ್ನೊಬ್ಬರಿಗೆ ಮುಟ್ಟಿಸುವುದು, ಎಲ್ಲ ಅದರ ಇಲಾಖೆ. ಅದೇ ಗೆರೆಗೆ ಆರೋಗ್ಯ ರೇಖೆ ಎಂದೂ ಹೆಸರು, ಹೊಟ್ಟೆಯ ಸಮಾಚಾರವನ್ನೂ ಹೇಳುತ್ತದೆ. ಗೆರೆ ನೆಟ್ಟಗಿದ್ದರೆ ಮಾತೂ ನೆಟ್ಟಗೆ, ಜೀರ್ಣವೂ ನೆಟ್ಟಗೆ. ಹಾವಿನಂತೆ ಡೊಂಕಾಗಿದ್ದರೆ ಪಿತ್ತ, ಮಾತಿನಲ್ಲೂ ನಿಲುವಿಲ್ಲ. ಆಯುಷ್ಯ ರೇಖೆಗೆ ತಾಗಿದರೆ ಮೈಗೆ ಒಳ್ಳೆಯದಲ್ಲ. ಗೆರೆಯೇ ಇಲ್ಲದಿದ್ದರೆ ಹೊಟ್ಟೆಯ ಯೋಚನೆಯೇ ಇಲ್ಲ. ಪದ್ಮ ಹಲಸಿನ ಹಣ್ಣು ತಿನ್ನುವುದನ್ನು ಕಂಡ ನನಗೆ ಇದರಲ್ಲಿ ಅನುಮಾನ ಉಳಿಯಲಿಲ್ಲ. ಅಷ್ಟರಲ್ಲಿ “ಎಲ್ಲ ಬುರುಡೆ” ಎನ್ನುತ್ತ ಬಂದ, ನಮ್ಮಿಂದ ಕೆಲಸ ಮಾಡಿಸುವ ಮೇಸ್ತ್ರಿ ತನ್ನ ಬಲಗೈಯನ್ನೂ ಚಾಚಿದ. ಡೊಂಕು ಗೆರೆ, ಅಲ್ಲಲ್ಲಿ ತುಂಡು. ಬೆಳಿಗ್ಗೆ ಒಂದು ಹೇಳಿ ಮಧ್ಯಾಹ್ನ ಇನ್ನೊಂದು ಹೇಳುವವನು, ನಡುವೆ ಹೊಟ್ಟೆ ಹಿಡಿದು ಓಡಿ ಓಡಿ ಹೊಳೆ ಕಡೆಗೆ ಹೋಗುವವನು. ಹೆಂಗಸರೆಲ್ಲ ನಕ್ಕರು, ನಂಬಿಕೆ ಗಟ್ಟಿಯಾಯಿತು.

ಆಮೇಲೆ ನನ್ನ ಕೈಯನ್ನೂ ಎಳೆದರು. ಚೆನ್ನಮ್ಮ ಬಹಳ ಹೊತ್ತು ನೋಡಿದಳು.

“ಲಕ್ಕಮ್ಮಕ್ಕ, ನಿಮ್ ಬುಧ ರೇಖೆ ಹೈವೇ ಇದ್ದ ಹಾಗಿದೆ. ಕಿರುಬೆರಳೂ ಉದ್ದ, ಉಂಗುರದ ಬೆರಳಿನ ಮೇಲಿನ ಗಂಟು ದಾಟಿದೆ. ಮಾತಲ್ಲಿ ನಿಮ್ಮನ್ನ ಯಾರೂ ಸೋಲ್ಸಕ್ಕಾಗಲ್ಲ.”

“ಸೂರ್ಯ?”

“ಸೂರ್ಯ ಹುಟ್ಟೇ ಇಲ್ಲ. ನೀವು ದುಡೀತೀರ, ಹೆಸರು ಬೇರೆಯವರಿಗೆ.”

ವಾಚ್‌ಮನ್‌ನ ಶಾಲು ಕಣ್ಣ ಮುಂದೆ ಬಂತು. ಬೇಜಾರೇನೂ ಆಗಲಿಲ್ಲ. ಕಾರಣ ಗೊತ್ತಾಯಿತಲ್ಲ ಎಂದು ಒಂದು ಥರ ಸಮಾಧಾನವೇ ಆಯಿತು.

ಇದು ಇಲ್ಲಿಗೇ ಮುಗಿಯುತ್ತಿತ್ತು, ಆದರೆ ನೀರಿನ ವಿಷಯ ಬಂತು. ಬೇಸಗೆ ಬಂದರೆ ನಮ್ಮ ಲೈನಿನ ನಲ್ಲಿ ಬತ್ತುತ್ತದೆ. ಹಳ್ಳಕ್ಕೆ ಇಳಿದು ಕೊಡ ಹೊತ್ತು ಏರು ಹತ್ತಬೇಕು. ನನ್ನ ಮಂಡಿ ಇಳಿಯಲು ಒಪ್ಪುತ್ತದೆ, ಹತ್ತಲು ಒಪ್ಪುವುದಿಲ್ಲ. ಈ ವರ್ಷ ಒಮ್ಮೆ ಅರ್ಧ ದಾರಿಯಲ್ಲಿ ಕೂತವಳನ್ನು ಇಬ್ಬರು ಎತ್ತಿಕೊಂಡು ಬಂದಿದ್ದರು. ಅದೇ ಹೊತ್ತಿಗೆ ತೋಟದಲ್ಲಿ ಕಾಫಿ ಹೂ ಬಿಡಲೆಂದು ಕೆರೆಯ ನೀರನ್ನು ಸ್ಪ್ರಿಂಕ್ಲರ್‌ನಲ್ಲಿ ಹಾರಿಸುತ್ತಾರೆ. ಗಿಡಗಳು ಸ್ನಾನ ಮಾಡುತ್ತಿರುತ್ತವೆ, ನಾವು ಬೆವರು ಒರೆಸುತ್ತಿರುತ್ತೇವೆ. ಆ ಪೈಪಿನಿಂದ ಲೈನಿಗೆ ಒಂದು ಕವಲು ಎಳೆದು ಟ್ಯಾಂಕ್ ಇಟ್ಟರೆ ಮುಗಿಯಿತು. ಇದನ್ನು ಕೇಳಲೆಂದು ಹಿಂದೊಮ್ಮೆ ಗಂಡಸರು ಸಾಹುಕಾರರ ಮನೆಗೆ ಹೋಗಿ ಟೀ ಕುಡಿದು ಬಂದರು. ಹೋದ ವರ್ಷ ನಾನು ಹೋದೆ. ಮೂರು ಮಾತು ಸರಿಯಾಗಿಯೇ ಆಡಿದೆ. ನಾಲ್ಕನೆಯದರಲ್ಲಿ ‘ನಿಮ್ಮಪ್ಪನ ಕಾಲದಲ್ಲಿ ಹೀಗಿರಲಿಲ್ಲ’ ಎಂದೆ. ಸಾಹುಕಾರರು ಎದ್ದು ಒಳಗೆ ಹೋದರು.

ಈ ಸಲ ಹೆಂಗಸರು ನನ್ನನ್ನು ಕೇಳಲೇ ಇಲ್ಲ. “ಲಕ್ಕಕ್ಕ ಹೋದ್ರೆ ಮಾತು ಆಗುತ್ತೆ, ಕೆಲ್ಸ ಆಗಲ್ಲ. ಸೂರ್ಯ ಇರೋಳು ಹೋಗ್ಲಿ,” ಎಂದರು.

“ಅಲ್ಲ ಮಾರಾಯ್ತಿ, ಅವ್ಳು ಹೋಗಿ ಏನು ಹೇಳ್ತಾಳೆ?” ಎಂದೆ. “ಸೂರ್ಯನಿಂದ ಹೆಸರು ಬರೋದು ಕೆಲ್ಸ ಆದ್ಮೇಲೆ. ಕೇಳೋದು ಬುಧನ ಕೆಲ್ಸ.”

ಕೊನೆಗೆ ಒಂದು ಒಪ್ಪಂದವಾಯಿತು. ಪದ್ಮ ಮುಂದೆ, ನಾನು ಹಿಂದೆ. ಅವಳು ಶುರು ಮಾಡಬೇಕು, ತಡವರಿಸಿದರೆ ಮಾತ್ರ ನಾನು ಬಾಯಿ ಹಾಕಬೇಕು.

ಕಣದಲ್ಲಿ ಸಾಹುಕಾರರು ಕಾಫಿ ಬೀಜವನ್ನು ಹಲ್ಲಿನಲ್ಲಿ ಕಚ್ಚಿ ಒಣಗಿದೆಯೇ ನೋಡುತ್ತಿದ್ದರು. ಮೇಸ್ತ್ರಿ ಪಕ್ಕದಲ್ಲಿದ್ದ. ಪದ್ಮ ಹೋಗಿ ನಿಂತಳು. ಆಮೇಲೆ ಹಳ್ಳಕ್ಕೆ ಹೋಗುವವಳಾದ್ದರಿಂದ ಸೊಂಟದಲ್ಲಿ ಖಾಲಿ ಕೊಡ ಇತ್ತು.

“ಏನು ಪದ್ಮ?” ಎಂದರು. ಪದ್ಮ ನೆಲ ನೋಡಿದಳು.

“ಮನೇಲಿ ಹುಷಾರಿಲ್ವಾ?” ಪದ್ಮ ಸುಮ್ಮನೆ.

“ಮೇಸ್ತ್ರಿ ಏನಾದ್ರೂ ಅಂದ್ರಾ?”

“ನಾನೇನೂ ಅಂದಿಲ್ಲ ಸಾವ್ಕಾರ್ರೆ,” ಎಂದ ಮೇಸ್ತ್ರಿ, ಯಾರೂ ಅವನನ್ನು ಕೇಳದಿದ್ದರೂ. “ಬಯ್ದಿದ್ದು ಹೋದ ವಾರ.”

ನನ್ನ ಗಂಟಲಿಗೆ ಮಾತು ಬಂದು ಕೂತಿತ್ತು. ಆದರೆ ಅವಳು ತಡವರಿಸುತ್ತಿಲ್ಲವಲ್ಲ. ತಡವರಿಸಬೇಕಾದರೆ ಮೊದಲು ಶುರು ಮಾಡಬೇಕು. ಒಪ್ಪಂದ ಒಪ್ಪಂದವೇ ಎಂದು ಸೆರಗು ಕಚ್ಚಿ ನಿಂತೆ. ಸಾಹುಕಾರರು ಕೊಡ ನೋಡಿದರು, ಪದ್ಮಳ ಮುಖ ನೋಡಿದರು, ನನ್ನನ್ನು ನೋಡಿದರು. ನಾನೂ ಸುಮ್ಮನಿರುವುದು ಕಂಡು ಅವರಿಗೆ ನಿಜಕ್ಕೂ ಗಾಬರಿಯಾಯಿತು.

“ಬೇರೆ ತೋಟದವ್ರು ಯಾರಾದ್ರೂ ಕರೆದಿದ್ದಾರಾ? ಎಲ್ರೂ ಹೊರಟ್ರಾ?” ಎಂದರು. ತೋಟದ ಕೆಲಸಕ್ಕೆ ಜನ ಸಿಗದ ಕಾಲ ಇದು. ಪದ್ಮ ತಲೆ ಎತ್ತಿ ಒಂದು ಸಲ ಸ್ಪ್ರಿಂಕ್ಲರ್ ಕಡೆ ನೋಡಿದಳು, ಮತ್ತೆ ನೆಲ ನೋಡಿದಳು.

“ನೀರಾ? ಅಷ್ಟೇನಾ? ಅದಕ್ಕೆ ಊರು ಬಿಡ್ತಾರೇನಮ್ಮ. ಮೇಸ್ತ್ರಿ, ಆ ಪೈಪಿಂದ ಲೈನಿಗೆ ಒಂದು ಕನೆಕ್ಷನ್ ಎಳೆಸು. ಟ್ಯಾಂಕ್ ನಾನು ತರಿಸ್ತೀನಿ. ಏನ್ ಲಕ್ಕಮ್ಮ, ನಿಂಗೇನಾಗಿದೆ ಇವತ್ತು?”

“ಗಂಟಲು ಕಟ್ಟಿದೆ,” ಎಂದೆ.

ಟ್ಯಾಂಕ್ ಬಂತು. ಲೈನಿನಲ್ಲಿ ಅದಕ್ಕೆ ಪದ್ಮನ ಟ್ಯಾಂಕ್ ಎಂದೇ ಹೆಸರು. ಪೂಜೆ ಮಾಡಿದ ದಿನ ಮೊದಲ ಕೊಡ ಅವಳೇ ಹಿಡಿದಳು. ನನ್ನ ಮಂಡಿ ಈಗ ಹಳ್ಳದ ಮುಖ ನೋಡುತ್ತಿಲ್ಲ, ಆದ್ದರಿಂದ ಯಾರ ಹೆಸರಾದರೇನು.

ಮಳೆ ಹಿಡಿಯುವ ಮುಂಚೆ ಒಂದು ದಿನ ಆ ಟ್ಯಾಂಕಿನ ನಲ್ಲಿಯಲ್ಲೇ ಇಬ್ಬರೂ ಬಟ್ಟೆ ಒಗೆಯುತ್ತಿದ್ದೆವು. ಅಷ್ಟು ಹೊತ್ತಿಗೆ ಎಲ್ಲರ ಕೈಯ ಕಪ್ಪು ಬಿಟ್ಟಿತ್ತು. ಪದ್ಮ ಸೋಪು ಕೊಡಲು ಎಡಗೈ ಚಾಚಿದಳು. ಉಂಗುರದ ಬೆರಳಿನ ಕೆಳಗೆ ನೋಡಿದೆ. ಏನೂ ಇಲ್ಲ. ಹಿಡಿದು ಅಗಲಿಸಿ ನೋಡಿದೆ, ಮಡಿಚಿ ನೋಡಿದೆ. ನಿಜವಾದ ಗೆರೆ ಕೈ ಮಡಿಚಿದರೆ ಅದೇ ಜಾಗದಲ್ಲಿ ಮಡಿಯುತ್ತದೆ, ತೊಳೆದರೆ ಹೋಗುವುದಿಲ್ಲ. ಇವಳದು ರೆಂಬೆ ಬಗ್ಗಿಸಿ ಹಿಡಿಯುವ ಕೈ. ಅಲ್ಲಿ ಚರ್ಮ ಒಡೆದಿತ್ತು, ಒಡಕಿನಲ್ಲಿ ಹಣ್ಣಿನ ಅಂಟು ಕೂತಿತ್ತು. ಈಗ ಒಡಕು ವಾಸಿಯಾಗಿದೆ, ಅಂಟು ತೊಳೆದುಹೋಗಿದೆ, ಜೊತೆಗೆ ಸೂರ್ಯನೂ.

“ಏನಕ್ಕ?” ಎಂದಳು ಪದ್ಮ.

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮಾತಾಡಿದಳು. “ಮುಂದಿನ್ ಸಲ ಸಾವ್ಕಾರ್ರ ಹತ್ರ ಕಕ್ಕಸಿನ ಬಾಗ್ಲು ಕೇಳೋಣ ಅಂತಿದೀನಿ. ನಂಗೆ ರೇಖೆ ಉಂಟಲ್ಲ.”

ಆ ಬಾಗಿಲು ಮುರಿದು ಎಷ್ಟು ಕಾಲವಾಯಿತು ಎಂದು ಅದನ್ನು ಕಾಲಿನಲ್ಲಿ ಒತ್ತಿ ಹಿಡಿದು ಕೂರುವ ನನಗೇ ಗೊತ್ತು. ಇವಳ ಗೆರೆ ಹೋಯಿತೆಂದು ಹೇಳಿದರೆ ಕೇಳಲು ಹೋಗಬೇಕಾದವಳು ನಾನು, ಹೋದರೆ ಸಾಹುಕಾರರ ಅಪ್ಪನ ಮಾತು ನನ್ನ ಬಾಯಲ್ಲಿ ಬಂದೇ ಬರುತ್ತದೆ.

“ಏನಿಲ್ಲ. ಕೇಳು,” ಎಂದೆ.

ಇಷ್ಟು ದೊಡ್ಡ ವಿಷಯವನ್ನು ನಾನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಇದೇ ಮೊದಲು. ಆದರೆ ನನ್ನನ್ನು ‘ಎಷ್ಟು ಗಂಭೀರ’ ಎಂದು ಒಬ್ಬರೂ ಅನ್ನಲಿಲ್ಲ. ಅನ್ನಬೇಕಾದರೆ ನಾನು ಸುಮ್ಮನಿದ್ದೇನೆ ಎಂದು ಅವರಿಗೆ ತಿಳಿಯಬೇಕು, ತಿಳಿಯಬೇಕಾದರೆ ನಾನೇ ಹೇಳಬೇಕು. ಕೆಲವು ದಿನ ತಡೆದೆ, ಆಗಲಿಲ್ಲ. ಲೈನಿನಲ್ಲಿ ಯಾರಿಗೂ ಹೇಳಲಿಲ್ಲ ನೋಡಿ, ನಿಮಗೆ ಮಾತ್ರ ಬರೆದೆ.