ಎರಡು ಸಾಲಿನ ನಿರೂಪಕ ಮತ್ತು ಅನುಮೋದಿತ ಹಕ್ಕಿ

ಎರಡು ಕುಣಿತಗಳ ನಡುವೆ ವೇದಿಕೆಯ ಮೇಲೆ ಆಡುವ ಮಾತೂ ಕಚೇರಿಯ ಪತ್ರವ್ಯವಹಾರವೇ ಹೌದೆಂದು ಅಳತೆ ಮತ್ತು ತೂಕ ಇಲಾಖೆಯು ಈ ವರ್ಷ ತೀರ್ಮಾನಿಸಿತು. ಆದ್ದರಿಂದ ಸದರಿ ಮಾತು ಆಯಾ ಶಾಖೆಗಳ ಮೂಲಕ ಹಾದು, ಅನುಮೋದನೆ ಪಡೆದು, ಆಮೇಲಷ್ಟೇ ನಿರೂಪಕನ ಬಾಯಿಗೆ ಬರತಕ್ಕದ್ದು ಎಂದು ಸುತ್ತೋಲೆ ಹೊರಟಿತು. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣಲಿಲ್ಲ.

ಆ ಬಾಯಿ, ಇಲಾಖೆಯಲ್ಲಿ ಎಲ್ಲರೂ ಮೈಕು ಮಾವ ಎಂದು ಕರೆಯುವವನದು. ಟಪಾಲು ಶಾಖೆಯಲ್ಲಿ ಲಕೋಟೆ ಅಂಟಿಸುವುದು ಅವನ ಹೊಟ್ಟೆಪಾಡು. ವರ್ಷಕ್ಕೊಮ್ಮೆ ಇಲಾಖೆಯ ಸಾಂಸ್ಕೃತಿಕ ಸಂಜೆಯಲ್ಲಿ ನಿರೂಪಣೆ ಮಾಡುವುದು ಅವನ ಜೀವ. ಅವನ ನಿರೂಪಣೆ ಎಂದರೆ ಸಾಮಾನ್ಯದ್ದಲ್ಲ. ಅವನ ಎರಡು ಸಾಲು ಕೇಳಿ ಪರದೆಯೇ ಹಗ್ಗಕ್ಕೆ ಕಾಯದೆ ಸರಿದದ್ದುಂಟು. ಒಮ್ಮೆ ಸಭಾಂಗಣದಲ್ಲಿ ಕೆಮ್ಮುತ್ತಿದ್ದವರೊಬ್ಬರು ಅವನು ಬಾಯಿ ತೆರೆದ ಕೂಡಲೇ ಕೆಮ್ಮನ್ನು ಅರ್ಧಕ್ಕೆ ನಿಲ್ಲಿಸಿದರಂತೆ. ಉಳಿದರ್ಧ ಇವತ್ತಿಗೂ ಬಂದಿಲ್ಲವಂತೆ. ಹೇಳಿದ್ದು ಮಾವನೇ, ಆದ್ದರಿಂದ ನಂಬಲು ಅಡ್ಡಿಯಿಲ್ಲ.

ಎರಡೇ ಸಾಲು, ಅದು ಅವನ ಲೆಕ್ಕಾಚಾರ. ಮೊದಲ ಸಾಲು ಮುಗಿದ ಪ್ರದರ್ಶನದ ಬಾಲ ಹಿಡಿಯಬೇಕು, ಎರಡನೆಯದು ಬರುವುದರ ಮೂಗು ತೋರಿಸಬೇಕು. ಚಪ್ಪಾಳೆ ಪೂರ್ತಿ ಸಾಯುವವರೆಗೆ ಕಾಯಬಾರದು, ಅರ್ಧ ಇಳಿದಾಗಲೇ ಮಾತು ಹಿಡಿಯಬೇಕು. ಕುಣಿತ ಹೇಗಿರುತ್ತದೆಂದು ಮೊದಲೇ ಹೊಗಳಿ ಕಲಾವಿದರ ಹೊಟ್ಟೆಯ ಮೇಲೆ ಹೊಡೆಯಬಾರದು. ಕಲಾವಿದರ ಹೆಸರು ಕೊಟ್ಟಕೊನೆಗೆ ಬರಬೇಕು, ಯಾಕೆಂದರೆ ಪರದೆ ಎಳೆಯುವವನೂ ಹಾಡು ಹಾಕುವವನೂ ಆ ಹೆಸರಿಗೇ ಕಿವಿ ಕೊಟ್ಟು ಕೂತಿರುತ್ತಾರೆ. ಹೆಸರು ಹೇಳಿದ ಮೇಲೆ ಒಂದಕ್ಷರವೂ ಆಡದೆ ಬೆಳಕಿನಿಂದಾಚೆ ಜಾರಿಕೊಳ್ಳಬೇಕು. ಇನ್ನು ಕುಣಿತವಾದ ಮೇಲೆ ಸಂಗೀತ ಬಂದರೆ ಕುರ್ಚಿ, ಮೈಕು ಇಡುವ ಹೊತ್ತಿಗೆಂದು ಜೇಬಿನಲ್ಲಿ ಒಂದು ಹೆಚ್ಚುವರಿ ಸಾಲು ಇರಬೇಕು. ವೇದಿಕೆಯ ಪಕ್ಕದ ಪರದೆಯ ಮರೆಯಿಂದ, ಎಲ್ಲ ಸಿದ್ಧವೆಂದು ಹೆಬ್ಬೆರಳು ಮೇಲೆದ್ದರೆ ಆ ಸಾಲನ್ನು ನುಂಗಬೇಕು.

ಈ ವರ್ಷ ನಾಲ್ಕು ಪ್ರದರ್ಶನ. ಮೊದಲು ಟಪಾಲು ಶಾಖೆಯವರ ಅಲೆಗಳ ಕುಣಿತ, ಆಮೇಲೆ ಲೆಕ್ಕಪತ್ರದವರೊಬ್ಬರ ಕೊಳಲು, ಆಮೇಲೆ ಗುಂಪುಗಾನ, ಕೊನೆಗೆ ಮಾವನ ತಂಗಿಯ ಮಗಳು ಪುಟ್ಟಿಯ ಹಕ್ಕಿ ಕುಣಿತ. ಪುಟ್ಟಿ ಆರು ತಿಂಗಳಿಂದ ಮನೆಯ ಹಜಾರದಲ್ಲಿ ಹಾರಿ ಹಾರಿ ಮನೆಯವರಿಗೂ ಕೆಳಮನೆಯವರಿಗೂ ಮಾತು ಬಿಡಿಸಿದ್ದಳು. ತಂಗಿ ಅಣ್ಣನಿಗೆ ಒಂದೇ ಮಾತು ಹೇಳಿದ್ದಳು: "ಅಣ್ಣಾ, ಹೋದ ವರ್ಷದ ಹಾಗೆ ಕೊನೇ ಹುಡುಗಿಗೆ ಹೊತ್ತಾಯ್ತು ಅಂತ ಬರೀ ಹೂವು ಕೊಟ್ಟು ಕಳಿಸಿದ್ರೆ, ನನ್ನ ಮನೆ ಮೆಟ್ಟಿಲು ಹತ್ತಬೇಡ." ಸಭಾಂಗಣದ ಕಾವಲುಗಾರ ಒಂಬತ್ತು ಹೊಡೆದ ಕೂಡಲೇ ದೀಪ ಆರಿಸುವವನು. ಒಂದು ಸಲ ಭಾಷಣದ ನಡುವೆ ಆರಿಸಿ, ಜನರಿಂದ ಹಾರ ಹಾಕಿಸಿಕೊಂಡಿದ್ದ.

ಮಾವ ಹೆದರಲಿಲ್ಲ. "ನನ್ನ ಎರಡು ಸಾಲಿದ್ರೆ ಎಂಟೂಕಾಲಿಗೆ ಎಲ್ಲರೂ ಮನೇಲಿ ಚಪ್ಪಲಿ ಬಿಡ್ತಿರ್ತಾರೆ" ಅಂದ. ನಾಲ್ಕು ಚೀಟಿ ಬರೆದು ಕಡತಕ್ಕೆ ಹಾಕಿದ. ಅಲೆಗಳ ಕುಣಿತಕ್ಕೆ: "ಕಡಲಿಗೆ ರಜೆ ಇಲ್ಲ, ಅಲೆಗೆ ಆಯಾಸ ಇಲ್ಲ. ಎಂಟು ಜನ, ಒಂದೇ ಅಲೆ: ನಮ್ಮ ಟಪಾಲು ಶಾಖೆ." ಕೊಳಲಿಗೆ: "ಅಲೆ ಹಿಂದೆ ಸರಿಯಿತು, ದಡದಲ್ಲಿ ಉಳಿದದ್ದು ಗಾಳಿ. ಆ ಗಾಳಿಯನ್ನು ಬಿದಿರಿಗೆ ತುಂಬುವವರು ನಮ್ಮ ಲೆಕ್ಕಪತ್ರದ ಹಿರಿಯರು." ಪುಟ್ಟಿಗೆ ಬರೆದದ್ದು ಎಲ್ಲಕ್ಕಿಂತ ಚಿಕ್ಕದು: "ಇಷ್ಟು ಹೊತ್ತು ಹಾಡಿದ್ದು ಕಾಡು. ಈಗ ಅದರೊಳಗಿಂದ ಒಂದು ಹಕ್ಕಿ: ಪುಟ್ಟಿ."

ಕಡತ ಹೊರಟಿತು. ಸಿಬ್ಬಂದಿ ಶಾಖೆಯವರು ಮೊದಲ ಸಾಲಿಗೇ ಅಡ್ಡ ಮಲಗಿದರು. ರಜೆ ನಿಯಮಗಳಲ್ಲಿ ಕಡಲಿನ ಉಲ್ಲೇಖವಿಲ್ಲದ್ದರಿಂದ, "ಕಡಲಿಗೆ ರಜೆ ಇಲ್ಲ" ಎಂಬುದನ್ನು "ಕಡಲಿನ ರಜೆಯ ವಿಷಯವು ಪರಿಶೀಲನೆಯಲ್ಲಿದೆ" ಎಂದು ತಿದ್ದತಕ್ಕದ್ದು. ಅಲೆಗೆ ಆಯಾಸವಿಲ್ಲವೆಂಬುದಕ್ಕೆ ವೈದ್ಯರ ಪ್ರಮಾಣಪತ್ರ ಲಗತ್ತಿಸತಕ್ಕದ್ದು. ಅಳತೆ ಶಾಖೆಯವರು ಬಿದಿರಿನಲ್ಲಿ ತುಂಬುವ ಗಾಳಿಯ ಪ್ರಮಾಣ ಕೇಳಿದರು. ಶಿಷ್ಟಾಚಾರ ಶಾಖೆಯವರು ಪ್ರತಿ ನಿರೂಪಣೆಯ ಮೊದಲು ನಿರ್ದೇಶಕರಿಂದ ಹಿಡಿದು ಎಲ್ಲ ಗಣ್ಯರನ್ನೂ ಹುದ್ದೆಯ ಇಳಿಕೆಕ್ರಮದಲ್ಲಿ ಸ್ವಾಗತಿಸತಕ್ಕದ್ದೆಂದರು. ಹಿಂದಿನ ಪ್ರದರ್ಶನಕ್ಕೆ ಮೊದಲೇ ಸ್ವಾಗತಿಸಿ ಆಗಿರುತ್ತದಲ್ಲ ಎಂದು ಮಾವ ಕೇಳಿದ್ದಕ್ಕೆ, ನಡುವೆ ಗಣ್ಯರು ಎದ್ದು ಹೋಗಿ ಬಂದಿದ್ದರೆ ಮರುಸ್ವಾಗತ ಬೇಡವೇ ಎಂದು ಬರೆದರು. ಅದೂ ನ್ಯಾಯವೇ.

ಕೊನೆಗೆ ಕಡತ ಕಾನೂನು ಶಾಖೆಯ ಮೇಡಂ ಮೇಜಿಗೆ ಬಂತು. ಅವರು ಕನ್ನಡಕ ಏರಿಸಿ ಪುಟ್ಟಿಯ ಚೀಟಿಯನ್ನೇ ಬಹಳ ಹೊತ್ತು ನೋಡಿದರು.

"ಇದು ಯಾವ ಹಕ್ಕಿ?"

"ಮೇಡಂ, ಹಕ್ಕಿ ಅಂದ್ರೆ... ಹಾಗೇ ಸುಮ್ನೆ ಹಕ್ಕಿ."

"ಸುಮ್ನೆ ಹಕ್ಕಿ ಅಂತ ಯಾವುದೂ ಇಲ್ಲ. ನಾಳೆ ಯಾರಾದ್ರೂ ಇದು ನಮ್ಮ ಹಕ್ಕಿ ಅಂತ ಬಂದ್ರೆ ಉತ್ತರ ಯಾರು ಕೊಡ್ತಾರೆ, ನೀವಾ?"

  ಮೇಡಂ ಪ್ರತಿ ಚೀಟಿಯ ಕೊನೆಗೂ ತಮ್ಮ ಕೈಯಾರೆ ಒಂದು ಕಂಡಿಕೆ ಸೇರಿಸಿದರು: ಮೇಲ್ಕಂಡ ಪ್ರದರ್ಶನದಲ್ಲಿ ಕಂಡುಬರುವ ಸಂತೋಷ, ದುಃಖ ಹಾಗೂ ಇತರೆ ಭಾವಗಳು ಕಲಾವಿದರ ಸ್ವಂತವಾಗಿದ್ದು, ಇಲಾಖೆಯ ನಿಲುವಾಗಿರುವುದಿಲ್ಲ. ಪುಟ್ಟಿಯ ಚೀಟಿಗೆ ಮಾತ್ರ ಇನ್ನೂ ಒಂದು ಸಾಲು: ಸದರಿ ಹಕ್ಕಿಯು ಹಾರಿದಂತೆ ಕಂಡಲ್ಲಿ ಅದು ತೋರಿಕೆ ಮಾತ್ರವಾಗಿರುತ್ತದೆ. ಅನುಮೋದಿತ ಪಠ್ಯವನ್ನು ಒಂದಕ್ಷರ ಬಿಡದೆ ಓದತಕ್ಕದ್ದು. ಓದುವುದನ್ನು ತಾವೇ ಮೊದಲ ಸಾಲಿನಲ್ಲಿ ಪೆನ್ಸಿಲ್ ಹಿಡಿದು ಪರಿಶೀಲಿಸುವುದಾಗಿಯೂ ತಿಳಿಸಿದರು.

ಸಂಜೆ ಬಂತು. ಸಭಾಂಗಣ ತುಂಬಿತ್ತು. ಮಾವ ಬೆಳಕಿಗೆ ಬಂದು, ಎಂಟು ಹಾಳೆಯ ಮೊದಲ ನಿರೂಪಣೆ ಓದತೊಡಗಿದ. ಪರದೆಯ ಹಿಂದೆ ಎಂಟು ಅಲೆಗಳು ಒಂದೊಂದು ಕಾಲೆತ್ತಿ ನಿಂತಿದ್ದವು. ಉಪನಿರ್ದೇಶಕರ ಸ್ವಾಗತದ ಹೊತ್ತಿಗೆ ಎರಡು ಅಲೆ ಕಾಲಿಳಿಸಿದವು. ಕಡಲಿನ ರಜೆಯ ವಿಷಯ ಬರುವಾಗ ಒಂದು ಅಲೆ ಕುರ್ಚಿ ಕೇಳಿತು. ಕೊನೆಗೆ ಟಪಾಲು ಶಾಖೆಯ ಹೆಸರು ಕೇಳಿ ಪರದೆ ಸರಿದಾಗ ಇಡೀ ಕಡಲು ಕೂತು ಪಾದ ಒತ್ತಿಕೊಳ್ಳುತ್ತಿತ್ತು. ಜನ ಅದನ್ನು ಇಳಿತವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಕೊಳಲಿನ ಹಿರಿಯರು ತಮ್ಮ ಪರಿಚಯ ಮುಗಿಯುವಷ್ಟರಲ್ಲಿ ಮೈಕಿನ ಮುಂದೆಯೇ ಸಣ್ಣ ನಿದ್ದೆ ತೆಗೆದು, ಬಹಳ ತಾಜಾ ಆಗಿ ನುಡಿಸಿದರು. ಗುಂಪುಗಾನದ ಸ್ವಾಗತದಲ್ಲಿ ಗಣ್ಯರೊಬ್ಬರು ನಿಜಕ್ಕೂ ಎದ್ದು ಹೋಗಿ ಬಂದದ್ದರಿಂದ ಶಿಷ್ಟಾಚಾರ ಶಾಖೆಯವರು ಗೆದ್ದವರಂತೆ ಅತ್ತಿತ್ತ ನೋಡಿದರು. ಹಾಡು ಮುಗಿದಾಗ ಮಾವ ಪಕ್ಕದ ಪರದೆಯ ಮರೆಗೆ ಬಂದು ಗೋಡೆಯ ಗಡಿಯಾರ ನೋಡಿದ. ಒಂಬತ್ತಕ್ಕೆ ಹತ್ತು ನಿಮಿಷ. ಕೈಯಲ್ಲಿ ಹನ್ನೊಂದು ಹಾಳೆ. ಕಾವಲುಗಾರ ದೀಪದ ಗುಂಡಿಗಳ ಪಕ್ಕ ನಿಂತು ಬೆರಳು ಬಿಸಿ ಮಾಡಿಕೊಳ್ಳುತ್ತಿದ್ದ.

ಪುಟ್ಟಿ ರೆಕ್ಕೆ ಕಟ್ಟಿಕೊಂಡು ನಿಂತಿದ್ದಳು. ಹಾಳೆಗಳ ದಪ್ಪ ನೋಡಿದಳು.

"ಮಾವ, ನಂಗೆ ಹೂವು ಕೊಡ್ತಾರಾ?"

ಮಾವ ಹಾಳೆಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ.  ಅವನು ಗುಂಪುಗಾನಕ್ಕೆ ಬಾರಿಸಿ ಪಕ್ಕದಲ್ಲಿ ಕೂತಿದ್ದ ಡ್ರಮ್ಮಿನವನ ಕಡೆ ತಿರುಗಿ, ಪಠ್ಯವನ್ನು ಒಂದಕ್ಷರ ಬಿಡದೆ ಓದಬೇಕೆಂದು ನಿಯಮವಿದೆ, ಆದರೆ ಓದುವಾಗ ಬೇರೇನೂ ನಡೆಯಕೂಡದೆಂದು ಎಲ್ಲಾದರೂ ಇದೆಯೇ ಎಂದು ಕೇಳಿದ. ಡ್ರಮ್ಮಿನವನು ನಿಯಮ ಓದಿದವನಲ್ಲ, ಹಾಗಾಗಿ ಇಲ್ಲವೆಂದು ಧೈರ್ಯವಾಗಿ ಹೇಳಿದ. ಮೊದಲ ಹಾಳೆ ಇಣುಕಿ ನೋಡಿ, "ಇದು ನಾಲ್ಕರ ತಾಳಕ್ಕೆ ಚೆನ್ನಾಗಿ ಕೂರುತ್ತೆ ಕಣಣ್ಣ" ಅಂದ.

"ಪುಟ್ಟಿ, ಹಾಡಿನ ಆಸೆ ಬಿಡು. ನನ್ನ ಬಾಯಿಗೆ ಹಾರು" ಅಂದ ಮಾವ.

ಹೆಸರು ಕೊನೆಗೇ ಎಂದು ನಾಲ್ಕು ವರ್ಷದಿಂದ ಪಾಲಿಸಿದ್ದ ನಿಯಮವನ್ನು ಆವತ್ತು ಮುರಿದು ಕಲಾವಿದೆಯ ಹೆಸರನ್ನೇ ಮೊದಲು ಕೂಗಿದ. ಪರದೆ ಸರಿಯಿತು. ಡ್ರಮ್ ಎದ್ದಿತು. "ಮಾನ್ಯ-ನಿರ್ದೇ-ಶಕರೇ-ಮತ್ತು, ಮಾನ್ಯ-ಉಪನಿರ್-ದೇಶಕ-ರೇ" ಎಂದು ಮಾವ ಹಿಡಿದ ಹಿಡಿತಕ್ಕೆ ಪುಟ್ಟಿ ಗೂಡಿನಿಂದ ಕತ್ತು ಚಾಚಿದಳು. ಹುದ್ದೆಗಳು ಇಳಿಯುತ್ತ ಹೋದಂತೆ ಅವಳು ಏರುತ್ತ ಹೋದಳು. ಸಹಾಯಕರ ಹೊತ್ತಿಗೆ ರೆಕ್ಕೆ ಬಿಚ್ಚಿತು. ಹಕ್ಕಿಯ ಜಾತಿಯ ವಿಷಯವು ಪರಿಶೀಲನೆಯಲ್ಲಿದೆ, ಪರಿಶೀಲನೆಯಲ್ಲಿದೆ ಎಂಬಲ್ಲಿ ಹಾರಲೋ ಬೇಡವೋ ಎಂದು ಕೊಂಬೆಯ ತುದಿಯಲ್ಲಿ ತೊನೆದಳು. ಸಭಾಂಗಣ ತಾಳ ಹಾಕತೊಡಗಿತು. ತಮ್ಮ ಹುದ್ದೆ ಬಂದಾಗ ಗಣ್ಯರು ಎದ್ದು ನಿಂತು ಕುಣಿದು ಕೂತರು. ಮೇಡಂ ಪೆನ್ಸಿಲ್ಲಿನಿಂದ ಕುರ್ಚಿಯ ಕೈಗೆ ತಾಳ ಕುಟ್ಟುತ್ತ, ಒಂದಕ್ಷರವೂ ಬಿಟ್ಟುಹೋಗದ್ದನ್ನು ಗುರುತು ಹಾಕುತ್ತಲೇ ಇದ್ದರು.

ಕೊನೆಯ ಕಂಡಿಕೆ ಬಂತು. "ಸದರಿ ಹಕ್ಕಿಯು ಹಾರಿದಂತೆ ಕಂಡಲ್ಲಿ" ಎಂದು ಮಾವ ಎಳೆದ. ಪುಟ್ಟಿ ಹಾರಿದಳು. ಎಷ್ಟೆತ್ತರ ಎಂದು ಅಳತೆ ಶಾಖೆಯವರಲ್ಲಿ ಇನ್ನೂ ಒಮ್ಮತವಿಲ್ಲ. "ಅದು ತೋರಿಕೆ ಮಾತ್ರವಾಗಿರುತ್ತದೆ" ಎಂಬಲ್ಲಿ ಅವಳು ಇಳಿದು ನಿಂತಾಗ ಗಡಿಯಾರ ಒಂಬತ್ತು ಹೊಡೆಯಿತು. ಎಲ್ಲರೂ ಕಾವಲುಗಾರನನ್ನು ನೋಡಿದರು. ಅವನ ಎರಡೂ ಕೈ ಚಪ್ಪಾಳೆಯಲ್ಲಿ ಸಿಕ್ಕಿಕೊಂಡಿದ್ದವು.

ಜನ ಒನ್ಸ್ ಮೋರ್ ಕೂಗಿದರು. ಯಾವುದಕ್ಕೆಂದು ನಿರ್ದೇಶಕರು ವಿಚಾರಿಸಲಾಗಿ, ಕೊನೆಯ ಕಂಡಿಕೆಗೆ ಎಂದು ತಿಳಿದುಬಂತು. ಮೇಡಂ ಮೊದಲ ಬಾರಿಗೆ ನಾಚಿದರು.

ವಾರದೊಳಗೆ ಹೊಸ ಸುತ್ತೋಲೆ ಬಂತು. ಮುಂದಿನ ವರ್ಷದಿಂದ ಅನುಮೋದಿತ ನಿರೂಪಣೆಗಳೇ ಕಾರ್ಯಕ್ರಮದ ಪ್ರಧಾನ ಅಂಗವಾಗಿರುತ್ತವೆ. ಪ್ರತಿ ಶಾಖೆಯೂ ಒಂದೊಂದು ನಿರೂಪಣೆ ಸಿದ್ಧಪಡಿಸತಕ್ಕದ್ದು. ಕಾನೂನು ಶಾಖೆಗೆ ಎರಡು. ಒಂದು ನಿರೂಪಣೆ ಮುಗಿದು ಇನ್ನೊಂದಕ್ಕೆ ಹಾಳೆ ಜೋಡಿಸಿಕೊಳ್ಳುವ ಹೊತ್ತಿನಲ್ಲಿ ಪ್ರೇಕ್ಷಕರಿಗೆ ಬೇಸರವಾಗದಂತೆ, ನಡುನಡುವೆ ಕುಣಿತ ಮತ್ತು ಸಂಗೀತವನ್ನು ಚುಟುಕಾಗಿಯೂ ಲವಲವಿಕೆಯಿಂದಲೂ ಇರಿಸತಕ್ಕದ್ದು. ಎಲ್ಲ ಶಾಖೆಗಳೂ ಓದಿ, ಸಹಿ ಮಾಡಿ, ಆಗಲೇ ತಾಲೀಮು ಶುರು ಮಾಡಿದವು.

ಮಾವ ಆ ಭಾನುವಾರ ತಂಗಿಯ ಮನೆಯ ಮೆಟ್ಟಿಲು ಹತ್ತಿದ. ಪುಟ್ಟಿಯನ್ನು ಹಜಾರದಲ್ಲಿ ನಿಲ್ಲಿಸಿಕೊಂಡು, ಮುಂದಿನ ವರ್ಷಕ್ಕೆ ಬಹಳ ದೊಡ್ಡ ಜವಾಬ್ದಾರಿ ಬಂದಿದೆ ಎಂದ.

"ನೋಡು, ನಿಂಗಿರೋದು ಎರಡೇ ಹಾರಾಟ. ಒಂದರಲ್ಲಿ ಮುಗಿದ ನಿರೂಪಣೆಯ ಬಾಲ ಹಿಡಿ, ಇನ್ನೊಂದರಲ್ಲಿ ಬರೋದರ ಮೂಗು ತೋರಿಸು. ಚಪ್ಪಾಳೆ ಅರ್ಧ ಇಳಿದಾಗಲೇ ಬಾ."

"ಆಮೇಲೆ?"

"ಆಮೇಲೆ ಒಂದು ರೆಕ್ಕೆನೂ ಆಡಿಸದೆ ಬೆಳಕಿನಿಂದಾಚೆ ಜಾರ್ಕೊ. ಜನ ಕಾಯ್ತಿರೋದು ಕಂಡಿಕೆಗೆ."

ಪುಟ್ಟಿ ತಲೆಯಾಡಿಸಿ, ಎರಡು ಸಲ ಹಾರಿ, ಅಡುಗೆಮನೆಗೆ ಜಾರಿಕೊಂಡಳು. ಕೆಳಮನೆಯವರು ಮೇಲೆ ಬಂದು, ಇಷ್ಟೇನಾ ಎಂದು ಕೇಳಿದರು.