ಶರಣಪ್ಪನವರ ಬೀಳ್ಕೊಡುಗೆಯಲ್ಲಿ ನನ್ನ ಭಾಷಣ

ಬೀಳ್ಕೊಡುಗೆಯ ಭಾಷಣಕ್ಕೂ ಶ್ರದ್ಧಾಂಜಲಿ ಭಾಷಣಕ್ಕೂ ನಮ್ಮ ಕಡೆ ಹೆಚ್ಚು ವ್ಯತ್ಯಾಸವಿಲ್ಲ. ಎರಡರಲ್ಲೂ ಮನುಷ್ಯ ಸರಳ, ಸಜ್ಜನ, ಅಜಾತಶತ್ರು. ಒಂದರಲ್ಲಿ ಮಾತ್ರ ಆತ ಎದುರಿಗೆ ಕೂತು ಬೆವರುತ್ತಿರುತ್ತಾನೆ. ನಾರಾಯಣಖೇಡದ ನಮ್ಮ ಪಶು ಆಸ್ಪತ್ರೆಯಲ್ಲಿ ಗುಮಾಸ್ತನಾಗಿರುವ ನನಗೆ ಇದು ಹೊಳೆದದ್ದು, ಡಾಕ್ಟರ ಸಹಾಯಕ ಶರಣಪ್ಪನವರು ನಿವೃತ್ತರಾಗುವ ವಾರ.

ಭಾಷಣ ನನ್ನ ಪಾಲಿಗೆ ಬಿದ್ದಿದೆಯೆಂದು ತಿಳಿದದ್ದೇ ತಡ, ಶರಣಪ್ಪ ನನ್ನ ಮೇಜಿನ ಮುಂದೆ ಬಂದು ನಿಂತರು. "ಹೊಗಳಬ್ಯಾಡ್ರಿ. ಜೀವ ಇದ್ದಾಗನೇ ಸತ್ತಂಗ ಅನಸ್ತದ. ಶುರು ಮಾಡಿದ್ರ ಎದ್ದು ಹೋಗ್ತೀನಿ, ಹೇಳೇನಿ." ಅವರು ಹೇಳಿದಂತೆ ಮಾಡುವವರು. ಹಾರ ಹಿಡಿದ ನಾವು, ಖಾಲಿ ಕುರ್ಚಿ. ಈ ಚಿತ್ರ ನನ್ನ ನಿದ್ದೆ ಕೆಡಿಸಿತು.

ಆದರೂ ಒಂದು ಭಾಷಣ ಬರೆದೆ. ಊಟಕ್ಕೆ ಮುಂಚೆ ಹೆಂಡತಿಗೆ ಓದಿ ತೋರಿಸಿದೆ. ಆಕೆ ರೊಟ್ಟಿ ತಟ್ಟುತ್ತಲೇ ಕೇಳಿಸಿಕೊಂಡು, "ಬರೇ ನಾನು ನಾನು ಅಂತ ಅದ. ರಿಟೈರ್ ಆಗೋರು ಅವರೋ, ನೀವೋ?" ಎಂದಳು. "ಮತ್ತ ಈ ಕರ್ತವ್ಯನಿಷ್ಠೆ, ಸರಳ ಸ್ವಭಾವ, ಇವನ್ನ ಯಾರಿಗರೆ ಹೇಳಬೌದು. ಅವರು ಮಾಡಿದ್ದು ಒಂದು ಕೆಲಸ ಹೇಳ್ರಿ. ಜೊತಿಗಿದ್ದೋರ ಹೆಸರೂ ಹೇಳ್ರಿ."

ಹಾಗೆ ಯೋಚಿಸಿದಾಗ ನೆನಪಾದದ್ದು ನಾಗಲಗಿದ್ದದ ಕಡೆ ನಡೆದ ಕುರಿ ಲಸಿಕೆ ಕಾರ್ಯಕ್ರಮ. ಮೂಗು ಸುರಿದು, ಭೇದಿ ಹತ್ತಿ ಕುರಿಗಳು ಸಾಯುವ ಪಿಪಿಆರ್ ರೋಗ ಗಡಿಯ ಹಳ್ಳಿಗಳ ಹತ್ತಿರ ಬಂದಿತ್ತು. ಒಂದೂರಿನ ಕುರುಬರು ಮಾತ್ರ ಲಸಿಕೆ ಬೇಡವೆಂದು ಪಟ್ಟು ಹಿಡಿದಿದ್ದರು.

ಸಭೆಯ ದಿನ ಶರಣಪ್ಪ ಬಾಗಿಲ ಪಕ್ಕದ ಕುರ್ಚಿಯನ್ನೇ ಆರಿಸಿ ಕೂತರು. ನಾನು ಎದ್ದು, ಮುನ್ನುಡಿಯನ್ನೆಲ್ಲ ಬಿಟ್ಟು, "ಆ ದಿನ ಬೆಳಿಗ್ಗೆ ನಾವು ಹೋದಾಗ ಒಬ್ಬರೂ ಕುರಿ ಬಿಟ್ಟುಕೊಡಲಿಲ್ಲ" ಎಂದೆ. ಅರ್ಧ ಎದ್ದಿದ್ದ ಶರಣಪ್ಪ ಮತ್ತೆ ಕೂತರು. ಹೊಗಳಿಕೆಯಾಗಿದ್ದರೆ ಹೊರಟುಬಿಡುತ್ತಿದ್ದರೇನೋ, ಇದು ಕಥೆ.

"ಗಬ್ಬದ ಕುರಿಗೆ ಸೂಜಿ ಹಾಕಿದರೆ ಮರಿ ಹೋಗುತ್ತದೆಂದು ಅವರಿಗೆ ಹೆದರಿಕೆ. ಡಾಕ್ಟರು ಏನೂ ಆಗುವುದಿಲ್ಲವೆಂದು ಎಷ್ಟು ಹೇಳಿದರೂ ನಂಬಲಿಲ್ಲ. ಶರಣಪ್ಪನವರು ವಾದ ಮಾಡಲಿಲ್ಲ. ಆ ಊರಲ್ಲೇ ಇದ್ದ ತಮ್ಮ ತಂಗಿಯ ಮನೆಗೆ ಹೋದರು. 'ಮೊದಲ ನಿನ್ನ ಗಬ್ಬದ ಕುರಿಗೇ ಹಾಕ್ತೀನವ್ವ' ಅಂದರು. ತಂಗಿ ಅಣ್ಣನ ಮುಖ ನೋಡಿ, ದೊಡ್ಡಿಯ ಬಾಗಿಲು ತೆಗೆದಳು. ಊರೆಲ್ಲ ನೋಡುತ್ತಿತ್ತು. ಕೆಲವು ದಿನ ಬಿಟ್ಟು ಹೋದಾಗ ಆ ಕುರಿಗಳು ಆರಾಮಾಗಿ ಮೇಯುತ್ತಿದ್ದವು. ಉಳಿದವರೂ ತಮ್ಮ ದೊಡ್ಡಿಗೆ ಕರೆದರು."

ಇನ್ನು ತಂಡದ ಸರದಿ. "ಲಸಿಕೆಯ ಪುಡಿಯನ್ನು ದ್ರಾವಣದಲ್ಲಿ ಕಲಸಿದ ಮೇಲೆ ಬೇಗ ಮುಗಿಸಬೇಕು. ಅದಕ್ಕೇ ಕುರಿ ದೊಡ್ಡಿಗೆ ಬರುವತನಕ ಬಾಟ್ಲಿ ತೆಗೆಯಬೇಡಿ ಅಂತ ಶರಣಪ್ಪನವರ ಆಜ್ಞೆ. ಮಂಜುಗಡ್ಡೆಯ ಡಬ್ಬಿಯನ್ನು ಬಿಸಿಲಿಗೆ ತಾಗದಂತೆ ಕಾಯ್ದವರು ಚಾಲಕ ಮಕ್ಬೂಲ್ ಭಾಯ್. ಒಂದೊಂದು ಕುರಿಗೂ ಚರ್ಮದ ಕೆಳಗೆ ಸೂಜಿ ಹಾಕಿದವರು ಅನಸೂಯಮ್ಮ. ಇಬ್ಬರಿಗೂ ನಮಸ್ಕಾರ." ಮಕ್ಬೂಲ್ ಭಾಯ್ ಹಿಂದಿನಿಂದ, "ಸಾಬ್, ನನ್ನ ಶರ್ಟು ನೆನಸಿ ಡಬ್ಬಿ ಮ್ಯಾಲೆ ಹಾಕಿದ್ದೆ, ಅದೂ ಹೇಳ್ರಿ!" ಎಂದರು. "ಹೇಳೇಬಿಟ್ಟೀರಲ್ಲ ಭಾಯ್" ಎಂದರು ಅನಸೂಯಮ್ಮ. ಸಭೆ ನಕ್ಕಿತು. "ಮತ್ತ ನಿಮ್ಮದೇನು ಕೆಲಸ ಇತ್ರೀ?" ಎಂದು ಆಕೆ ನನ್ನನ್ನೇ ಕೇಳಿದರು.

ಲಸಿಕೆಯಾದ ಕುರಿಯ ತಲೆಗೆ ನೀಲಿ ಬಣ್ಣ ಹಚ್ಚುವುದು ನನ್ನ ಕೆಲಸ. ಒಂದು ಟಗರು ನನ್ನನ್ನು ಕೆಡವಿ, ಬಣ್ಣದ ಡಬ್ಬಿಯನ್ನು ನನ್ನ ತಲೆಯ ಮೇಲೇ ಮಗುಚಿತ್ತು. ಅದನ್ನು ಹೇಳುವ ಮೊದಲೇ ಶರಣಪ್ಪ ಎದ್ದರು. ಹೊರಟೇಬಿಟ್ಟರು ಎಂದುಕೊಂಡೆ. ಆದರೆ ಅವರು ನೇರ ಮೈಕಿನ ಹತ್ತಿರ ಬಂದರು.

"ಅದನ್ನ ನಾ ಹೇಳ್ತೀನಿ! ಇವರ ನೀಲಿ ತಲಿ ನೋಡಿ ನನ್ನ ತಂಗಿ, ಅಣ್ಣಾ, ಈ ಸಾಹೇಬ್ರಿಗೂ ಸೂಜಿ ಹಾಕೀರೇನು ಅಂದ್ಳು." ಅಷ್ಟು ಹೇಳಿ ಅವರು ನಕ್ಕರು, ನಗುತ್ತಲೇ ಮೊದಲ ಸಾಲಿನತ್ತ ತಿರುಗಿದರು. "ಆಕಿ ಆ ದಿನ ಬಾಗಲಾ ತೆಗೀದಿದ್ರ..." ಎಂದು ನಿಲ್ಲಿಸಿದರು. ಮೊದಲ ಸಾಲಿನಲ್ಲಿದ್ದ ಆ ತಂಗಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಸಾಕು ಬಿಡಣ್ಣ, ಊಟ ಆರ್ತದ" ಎಂದಳು. ನಾನು "ನಿಮ್ಮ ಮುಂದಿನ ದಿನಗಳು ಸುಖವಾಗಿರಲಿ" ಎಂಬ ಒಂದೇ ವಾಕ್ಯ ಹೇಳಿ ಹಾರ ಹಾಕಿದೆ. ಅವರು ಬೇಡವೆನ್ನಲಿಲ್ಲ.

ಕೈತೊಳೆಯುವಾಗ ಶರಣಪ್ಪ ನನ್ನ ಕಿವಿಯಲ್ಲಿ, "ಮುಂದ ನಿಮ್ಮ ಪಾಳಿ. ನಾನೇ ಬಂದು ಮಾತಾಡ್ತೀನ್ರಿ" ಎಂದರು. ನೀಲಿ ತಲೆಯ ಹೊರತು ಅವರಿಗೆ ಹೇಳಲು ನನ್ನದೂ ಒಂದು ಕೆಲಸ ಬೇಕಲ್ಲ. ಅಂದಿನಿಂದ ಆಸ್ಪತ್ರೆಯಲ್ಲಿ ಯಾವ ಕೆಲಸ ಬಂದರೂ ನಾನೇ ಮೊದಲು ಎದ್ದು ನಿಲ್ಲುತ್ತಿದ್ದೇನೆ. ಡಾಕ್ಟರು ಇದನ್ನು ಕರ್ತವ್ಯನಿಷ್ಠೆ ಎಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.